ಒಂಬತ್ತಕ್ಕೂ ಮೂರು-ಬಿಗೂ ತಾಳೆಯಾಗದಾಗ: ಒಂದು ಜಿಎಸ್‌ಟಿ ನೋಟಿಸಿಗೆ ಉತ್ತರ ಬರೆದ ಬಗೆ

ಪೀಣ್ಯದಲ್ಲಿ ನಾಲ್ಕು ಸಿಎನ್‌ಸಿ ಲೇತ್ ಇಟ್ಟುಕೊಂಡು ಪಂಪ್ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಒಬ್ಬರು 2025ರ ಆಗಸ್ಟ್ 8ರಂದು ನಮ್ಮ ಕಚೇರಿಗೆ ಬಂದರು. ಕೈಯಲ್ಲಿ ಜಿಎಸ್‌ಟಿ ನೋಟಿಸಿನ ಪ್ರಿಂಟ್. "ಸಾರ್, ಎರಡು ಲಕ್ಷ ಕಟ್ಟು ಅಂತಿದಾರೆ. ನಾನು ತಿಂಗಳು ತಿಂಗಳೂ ಕಟ್ಟಿದೀನಲ್ಲ?" ನೋಟಿಸ್‌ನ ದಿನಾಂಕ ಜುಲೈ 22. ಇವರಿಗೆ ಗೊತ್ತಾಗಿದ್ದು ಹಿಂದಿನ ದಿನ. ಪೋರ್ಟಲ್‌ನಲ್ಲಿ ನೋಂದಣಿಯಾಗಿದ್ದ ಇಮೇಲ್ ಕೆಲಸ ಬಿಟ್ಟುಹೋದ ಅಕೌಂಟೆಂಟ್‌ನದು, ಎಚ್ಚರಿಕೆಯೆಲ್ಲ ಅಲ್ಲಿಗೇ ಹೋಗಿತ್ತು. ನೋಟಿಸ್ ಬಂದಿದೆಯೇ ಎಂದು ನೋಡುವವರು `Services > User Services > View Additional Notices/Orders` ಎಂಬಲ್ಲಿಯೂ ಇಣುಕಬೇಕು. ಬೇರೆ ಕಡೆ ನೋಡಿ ಏನೂ ಇಲ್ಲವೆಂದು ಸುಮ್ಮನಾದವರನ್ನು ಬೇಕಾದಷ್ಟು ಕಂಡಿದ್ದೇನೆ.

ಬಂದಿದ್ದು ಎಎಸ್ಎಂಟಿ-10, ಅಂದರೆ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 61ರ ಪರಿಶೀಲನಾ ನೋಟಿಸ್. ಇದು ಇನ್ನೂ ತೆರಿಗೆ ಬೇಡಿಕೆಯಲ್ಲ. ನಿಮ್ಮ ರಿಟರ್ನ್‌ಗಳಲ್ಲಿ ಇಂಥ ವ್ಯತ್ಯಾಸ ಕಂಡಿದೆ, ವಿವರಣೆ ಕೊಡಿ, ಇಲ್ಲವೇ ಒಪ್ಪಿಕೊಂಡು ಕಟ್ಟಿ ಎಂದಷ್ಟೇ ಅದರ ಅರ್ಥ. ಉತ್ತರಕ್ಕೆ 30 ದಿನ, ಉತ್ತರದ ನಮೂನೆ ಎಎಸ್ಎಂಟಿ-11. ವಿವರಣೆ ಒಪ್ಪಿಗೆಯಾದರೆ ಎಎಸ್ಎಂಟಿ-12 ಕೊಟ್ಟು ಮುಗಿಸುತ್ತಾರೆ. ಉತ್ತರವೇ ಬಾರದಿದ್ದರೆ ಮುಂದಿನದು, 2023-24ರವರೆಗಿನ ವರ್ಷಗಳಿಗೆ, ಕಾರಣ ಕೇಳುವ ಸೆಕ್ಷನ್ 73ರ ಶೋಕಾಸ್ ನೋಟಿಸ್, ಆಮೇಲೆ ಆದೇಶ, ಆಮೇಲೆ ಮೇಲ್ಮನವಿಗೆ ವಿವಾದದ ತೆರಿಗೆಯ ಶೇ. 10 ಠೇವಣಿ. ಅಗ್ಗವಾಗಿ ಮುಗಿಯುವುದು ಈ ಮೊದಲ ಮೆಟ್ಟಿಲಲ್ಲೇ.

ನೋಟಿಸ್‌ನ ಸಾರ ಎರಡೇ ಸಾಲು. 2022-23ರ ವಾರ್ಷಿಕ ರಿಟರ್ನ್ ಜಿಎಸ್‌ಟಿಆರ್-9ರಲ್ಲಿ ತೆರಿಗೆಗೆ ಒಳಪಟ್ಟ ಮಾರಾಟ 2,95,60,000 ರೂಪಾಯಿ. ತಿಂಗಳು ತಿಂಗಳೂ ತೆರಿಗೆ ಕಟ್ಟುವ ರಿಟರ್ನ್ ಜಿಎಸ್‌ಟಿಆರ್-3ಬಿ, ಹನ್ನೆರಡು ತಿಂಗಳದ್ದು ಕೂಡಿದರೆ 2,84,00,000. ಕೊರತೆ 11,60,000, ಅದರ ಮೇಲೆ ಶೇ. 18ರಂತೆ 2,08,800 ರೂಪಾಯಿ ಮತ್ತು ಬಡ್ಡಿ.

ಇಲ್ಲಿ ಮಾಲೀಕರಿಗೆ ಅರ್ಥವಾಗದ ಒಂದು ಸಂಗತಿಯಿದೆ. 9ರಲ್ಲಿ ಇಷ್ಟು ಮಾರಾಟ ಎಂದು ಬರೆದವರು ಇಲಾಖೆಯವರಲ್ಲ, ತೆರಿಗೆ ಕಟ್ಟುವ ನಾವೇ. ಟೇಬಲ್ 4ರಲ್ಲಿ ಮಾರಾಟದ ಅಂಕಿಗಳನ್ನು ನಾವು ತಿದ್ದಬಹುದು. ಆದರೆ ಟೇಬಲ್ 9ರಲ್ಲಿ ಕಟ್ಟಿದ ತೆರಿಗೆ ಎಂಬ ಕಾಲಂ 3ಬಿಯಿಂದ ತಾನೇ ಬಂದು ಕೂರುತ್ತದೆ, ಅದನ್ನು ಮುಟ್ಟಲಾಗದು. ಗಡುವಿನ ದಿನ ಡಿಸೆಂಬರ್ 31ರ ರಾತ್ರಿ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ ಟ್ರಯಲ್ ಬ್ಯಾಲೆನ್ಸ್ ತೆರೆದು ಸೇಲ್ಸ್ ಲೆಡ್ಜರಿನ ಮೊತ್ತವನ್ನು ಟೇಬಲ್ 4ಕ್ಕೆ ತುಂಬಿದರೆ, ಕಟ್ಟಬೇಕಾದದ್ದು ಇಷ್ಟು, ಕಟ್ಟಿದ್ದು ಅಷ್ಟು ಎಂದು ನಾವೇ ಬರೆದುಕೊಟ್ಟ ಹಾಗೆ. ಸಲ್ಲಿಸಿದ ಮೇಲೆ 9ನ್ನು ತಿದ್ದುವ ಅವಕಾಶವೇ ಇಲ್ಲ. ವಹಿವಾಟು ಐದು ಕೋಟಿಯೊಳಗೆ ಇರುವುದರಿಂದ ಲೆಕ್ಕಪುಸ್ತಕದ ಜೊತೆ ತಾಳೆ ನೋಡುವ 9ಸಿ ಕೂಡ ಇವರಿಗೆ ಬೇಕಿರಲಿಲ್ಲ. ಹಾಗಾಗಿ ಸಲ್ಲಿಸುವ ಮೊದಲು ಯಾರೂ ನೋಡಿಲ್ಲ.

ನಾನು ಮೊದಲು ನೋಡುವುದು ಇಲಾಖೆ ಯಾವುದನ್ನು ಯಾವುದಕ್ಕೆ ಹೋಲಿಸಿದೆ ಎಂಬುದನ್ನು. ಟೇಬಲ್ 4ರ ಕೊನೆಯ ಮೊತ್ತದಲ್ಲಿ ರಿವರ್ಸ್ ಚಾರ್ಜ್‌ನ, ಅಂದರೆ ಕೊಂಡವರೇ ತೆರಿಗೆ ಕಟ್ಟಬೇಕಾದ ಖರೀದಿಯೂ ಸೇರಿರುತ್ತದೆ, ಲಾರಿ ಬಾಡಿಗೆ ಮೇಲೆ ಕಟ್ಟಿದ ತೆರಿಗೆಯ ಹಾಗೆ. 3ಬಿಯಲ್ಲಿ ಅದು 3.1(ಡಿ) ಎಂಬ ಬೇರೆ ಸಾಲು. ಮಾರಾಟದ ಸಾಲು 3.1(ಎ) ಒಂದನ್ನೇ ಹಿಡಿದು ಟೇಬಲ್ 4ಕ್ಕೆ ಹೋಲಿಸಿದ ನೋಟಿಸ್‌ಗಳು ಬರುತ್ತವೆ, ಅಂಥವು ಒಂದೇ ಪುಟದ ಉತ್ತರಕ್ಕೆ ಮುಗಿಯುತ್ತವೆ. ಇಲ್ಲಿ ಆ ಅದೃಷ್ಟ ಇರಲಿಲ್ಲ. ಹೋಲಿಕೆ ಸರಿಯಾಗಿಯೇ ಇತ್ತು.

ಆಮೇಲಿನದು ಬರೀ ಕೂಲಿ ಕೆಲಸ. ವರ್ಷದ ಎಲ್ಲ ಇನ್‌ವಾಯ್ಸ್‌ಗಳನ್ನು ಟ್ಯಾಲಿಯಿಂದ ಎಕ್ಸೆಲ್‌ಗೆ ಇಳಿಸಿ, ಪಕ್ಕದಲ್ಲಿ ಮಾರಾಟದ ಬಿಲ್‌ಗಳನ್ನು ತೋರಿಸುವ ರಿಟರ್ನ್ ಜಿಎಸ್‌ಟಿಆರ್-1ರ ಪಟ್ಟಿ ಇಟ್ಟು, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದನ್ನು ಹೆಕ್ಕಬೇಕು. ಎರಡು ದಿನದಲ್ಲಿ 11,60,000 ಮೂರು ತುಂಡಾಯಿತು.

ದೊಡ್ಡ ತುಂಡು 7,50,000. 2023ರ ಮಾರ್ಚ್ 29ರಿಂದ 31ರವರೆಗಿನ ಮೂರು ಬಿಲ್: 2,40,000, 3,10,000 ಮತ್ತು 2,00,000. ದೊಡ್ಡ ಕಂಪನಿಗಳಿಗೆ ಮಾಲು ಕೊಡುವವರಿಗೆಲ್ಲ ಈ ಕತೆ ಗೊತ್ತು. ವರ್ಷದ ಕೊನೆಯಲ್ಲಿ ಅವರು ಸ್ಟಾಕ್ ಎಣಿಸುತ್ತಾರೆ, ಗೇಟ್ ಎಂಟ್ರಿ ಕೊಡುವುದಿಲ್ಲ. ವ್ಯಾನ್ ಹೊರಗೆ ನಿಂತಿತು, ಒಳಗೆ ಹೋಗಿದ್ದು ಏಪ್ರಿಲ್ 3ಕ್ಕೆ. ಮಾಲು ಏಪ್ರಿಲ್‌ನಲ್ಲಿ ಇಳಿಯಿತು ಎಂದು ಅಕೌಂಟೆಂಟ್ ಈ ಬಿಲ್‌ಗಳನ್ನು ಏಪ್ರಿಲ್ ತಿಂಗಳ ರಿಟರ್ನ್‌ಗೆ ಹಾಕಿದ. ಪುಸ್ತಕದಲ್ಲಿ ಮಾತ್ರ ಅವು ಮಾರ್ಚ್‌ನಲ್ಲೇ ಉಳಿದವು. ತೆರಿಗೆ 1,35,000 ಸರ್ಕಾರಕ್ಕೆ ಸಂದಿದೆ, ಒಂದು ತಿಂಗಳು ತಡವಾಗಿ. ಹೀಗೆ ಮುಂದಿನ ವರ್ಷದ ರಿಟರ್ನ್‌ನಲ್ಲಿ ತೋರಿಸಿದ್ದು 9ರ ಟೇಬಲ್ 10ಕ್ಕೆ ಹೋಗಬೇಕು. ಅಕೌಂಟೆಂಟ್ ಟೇಬಲ್ 4ರಲ್ಲೇ ಸೇರಿಸಿಬಿಟ್ಟಿದ್ದ.

ಇದಕ್ಕೆ ಸಾಕ್ಷಿ ಏನು? ಏಪ್ರಿಲ್‌ನ ಜಿಎಸ್‌ಟಿಆರ್-1ರಲ್ಲಿ ಮಾರ್ಚ್ ದಿನಾಂಕದ ಈ ಮೂರು ಬಿಲ್ ನಂಬರ್ ಸಮೇತ ಕಾಣುತ್ತವೆ, ಅದು ಒಂದು. ಆದರೆ ಅಧಿಕಾರಿಗೆ ಹುಟ್ಟುವ ಸಂಶಯ ಬೇರೆ: ಏಪ್ರಿಲ್ 3ಬಿಯಲ್ಲಿ ಇವು ನಿಜಕ್ಕೂ ಹೆಚ್ಚುವರಿಯಾಗಿ ಸೇರಿವೆಯೋ, ಏಪ್ರಿಲ್‌ನದೇ ಮಾರಾಟವನ್ನು ತೋರಿಸಿ ಇದೇ ಎನ್ನುತ್ತಿದ್ದಾರೋ? ಅದಕ್ಕೆ ಮುಂದಿನ ವರ್ಷವನ್ನೂ ತೆರೆದಿಟ್ಟೆವು. 2023-24ರಲ್ಲಿ ವ್ಯತ್ಯಾಸ ತಿರುವುಮುರುವಾಗಿತ್ತು. ಅಲ್ಲಿ 3ಬಿ ಮೊತ್ತ ಪುಸ್ತಕದ ಮಾರಾಟಕ್ಕಿಂತ ಸರಿಯಾಗಿ 7,50,000 ಹೆಚ್ಚು. ಒಂದು ವರ್ಷದ ಹಳ್ಳ ಇನ್ನೊಂದು ವರ್ಷದ ದಿಬ್ಬ. ಈ ಒಂದು ಹಾಳೆ ಮಾಡಿದ ಕೆಲಸವನ್ನು ಹತ್ತು ಪುಟದ ವಾದ ಮಾಡುವುದಿಲ್ಲ. ಮುಂದಿನ ವರ್ಷದಲ್ಲಿ ಇಂಥ ದಿಬ್ಬ ಕಾಣದಿದ್ದರೆ ನಿಮ್ಮ ವಿವರಣೆಯನ್ನು ನೀವೇ ಮೊದಲು ಅನುಮಾನಿಸಿ.

ಒಂದು ತಿಂಗಳ ಬಡ್ಡಿ ಮಾತ್ರ ಉಳಿಯಿತು. ಸರಕಿನ ತೆರಿಗೆ ಹುಟ್ಟುವುದು ಬಿಲ್ ದಿನಾಂಕಕ್ಕೆ, ಗೇಟ್ ಎಂಟ್ರಿಗಲ್ಲ. ಏಪ್ರಿಲ್ 20ಕ್ಕೆ ಕಟ್ಟಬೇಕಿದ್ದನ್ನು ಮೇ 20ಕ್ಕೆ ಕಟ್ಟಿದ್ದಕ್ಕೆ 30 ದಿನದ ಬಡ್ಡಿ 1,997 ರೂಪಾಯಿ. "ಐಟಿಸಿ ಇತ್ತಲ್ಲ ಸಾರ್, ನಗದಿನ ಭಾಗಕ್ಕೆ ಮಾತ್ರ ಬಡ್ಡಿ ಅಂತಾರಲ್ಲ?" ಎಂದು ಮಾಲೀಕರು ಕೇಳಿದರು. ಐಟಿಸಿ ಎಂದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಗೆ ಸಿಗುವ ಕ್ರೆಡಿಟ್. ಆ ರಿಯಾಯಿತಿ ಸಿಗುವುದು ಆಯಾ ತಿಂಗಳ ಮಾರಾಟವನ್ನು ಅದೇ ತಿಂಗಳ ರಿಟರ್ನ್‌ನಲ್ಲಿ ತೋರಿಸಿ, ಆ ರಿಟರ್ನನ್ನು ತಡವಾಗಿ ಸಲ್ಲಿಸಿದಾಗ. ಮಾರ್ಚ್ ಬಿಲ್ಲನ್ನು ಏಪ್ರಿಲ್ ರಿಟರ್ನ್‌ಗೆ ಹಾಕಿದರೆ ಪೂರ್ತಿ ತೆರಿಗೆಯ ಮೇಲೆ ಬಡ್ಡಿ ಬೀಳುತ್ತದೆ. ಕೇಳುವ ಮೊದಲೇ ಕಟ್ಟಿದೆವು.

ಎರಡನೇ ತುಂಡು 2,60,000. ಬೋರ್ ಸೈಜ್ ಹೆಚ್ಚಾಯಿತೆಂದು 2022ರ ಡಿಸೆಂಬರ್‌ನಲ್ಲಿ ಒಬ್ಬ ಗಿರಾಕಿ ವಾಪಸ್ ಕಳಿಸಿದ ಮಾಲು. ಆಗಲೇ ಕ್ರೆಡಿಟ್ ನೋಟ್ ಕೊಟ್ಟಿದ್ದಾರೆ, ಜಿಎಸ್‌ಟಿಆರ್-1ರಲ್ಲೂ ಇದೆ, 3ಬಿಯಲ್ಲಿ ಕಳೆದಿದ್ದಾರೆ. ಟ್ಯಾಲಿಯಲ್ಲಿ ಸೇಲ್ಸ್ ರಿಟರ್ನ್ ಬೇರೆ ಲೆಡ್ಜರ್. 9 ತುಂಬುವಾಗ ಸೇಲ್ಸ್ ಒಂದನ್ನೇ ತೆಗೆದುಕೊಂಡು, ಕ್ರೆಡಿಟ್ ನೋಟಿನ 4ಐ ಸಾಲನ್ನು ಖಾಲಿ ಬಿಟ್ಟಿದ್ದರು. ಇದಕ್ಕೆ ಕ್ರೆಡಿಟ್ ನೋಟ್, ಗಿರಾಕಿಯ ರಿಜೆಕ್ಷನ್ ಚಲನ್, ಮಾಲು ಮರಳಿ ಬಂದ ಇ-ವೇ ಬಿಲ್ ಲಗತ್ತಿಸಿದೆವು.

ಮೂರನೆಯದು 1,50,000. ಟರ್ನಿಂಗ್ ಸ್ಕ್ರ್ಯಾಪ್. 2022ರ ನವೆಂಬರ್‌ನಲ್ಲಿ ಗುಜರಿಯವರಿಗೆ ಮಾರಿ, ಬೇರೆ ಬಿಲ್ ಬುಕ್‌ನಲ್ಲಿ ಕೈಬರಹದ ಬಿಲ್ ಕೊಟ್ಟು, 27,000 ರೂಪಾಯಿ ಜಿಎಸ್‌ಟಿ ಸೇರಿಸಿಯೇ ವಸೂಲು ಮಾಡಿದ್ದಾರೆ. ಪುಸ್ತಕಕ್ಕೆ ಬಂತು, ಯಾವ ರಿಟರ್ನ್‌ಗೂ ಬರಲಿಲ್ಲ. ಇದನ್ನು ತೋರಿಸಿದಾಗ ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದನ್ನೂ ಮಾರ್ಚ್ ಬಿಲ್ ಜೊತೆ ಸೇರಿಸಿ ಬರೆದುಬಿಡೋಕಾಗಲ್ವಾ ಸಾರ್?" ಆಗುವುದಿಲ್ಲ. ಹಾಗೆ ಬರೆದರೆ ಮುಂದಿನ ವರ್ಷದ ದಿಬ್ಬಕ್ಕಿಂತ ಹಳ್ಳ ದೊಡ್ಡದಾಗಿ, ಸರಿಯಾಗಿದ್ದ 7,50,000ದ ವಿವರಣೆಯನ್ನೂ ಯಾರೂ ನಂಬುವುದಿಲ್ಲ. ಅದೂ ಅಲ್ಲದೆ, ಗೊತ್ತಿದ್ದೂ ಸುಳ್ಳು ವಿವರಣೆ ಕೊಟ್ಟರೆ ಸೆಕ್ಷನ್ 73ರಲ್ಲಿ ಇರುವ ವಿಷಯವನ್ನು ವಂಚನೆಯ ಸೆಕ್ಷನ್ 74ರ ಕಡೆಗೆ ನಾವೇ ತಳ್ಳಿದಂತೆ.

ಆಗಸ್ಟ್ 20ರಂದು, ತಾವಾಗಿಯೇ ಕಟ್ಟುವವರ ನಮೂನೆ ಡಿಆರ್‌ಸಿ-03ರಲ್ಲಿ 27,000 ತೆರಿಗೆ, ಅದರ ಮೇಲೆ 974 ದಿನದ ಬಡ್ಡಿ 12,969, ಜೊತೆಗೆ ಆ 1,997 ಕಟ್ಟಿದೆವು. ತೆರಿಗೆ ಐಟಿಸಿಯಿಂದ ಹೋಯಿತು, ಬಡ್ಡಿ ನಗದಿನಿಂದಲೇ ಕಟ್ಟಬೇಕು. ಅದೇ ದಿನ ಎಎಸ್ಎಂಟಿ-11 ಸಲ್ಲಿಸಿದೆವು. ಗಡುವಿಗೆ ಒಂದು ದಿನ ಬಾಕಿಯಿತ್ತು.

ಉತ್ತರ ಎರಡು ಪುಟ. ಶುರುವಿನಲ್ಲೇ ಒಂದು ಪುಟ್ಟ ಪಟ್ಟಿ: ವ್ಯತ್ಯಾಸ 11,60,000, ಅದರಲ್ಲಿ ಮುಂದಿನ ವರ್ಷ ಕಟ್ಟಿದ್ದು 7,50,000, ಮಾಲು ವಾಪಸಾತಿ 2,60,000, ಒಪ್ಪಿಕೊಂಡು ಕಟ್ಟಿದ್ದು 1,50,000, ಉಳಿದದ್ದು ಸೊನ್ನೆ. ಆ ಸೊನ್ನೆ ಬಾರದ ಉತ್ತರವನ್ನು ನಾನು ಸಹಿ ಮಾಡಿ ಕಳಿಸುವುದಿಲ್ಲ. ಪ್ರತಿ ಸಾಲಿನ ಎದುರು ಲಗತ್ತಿನ ನಂಬರ್, ಕೆಳಗೆ ಸಾಲಿಗೊಂದು ಪ್ಯಾರಾ. ಮಾರ್ಚ್ ಬಿಲ್‌ಗಳ ಬಗ್ಗೆ ಬರೆದದ್ದು ಇಷ್ಟು: "ಲಗತ್ತು 2ರಲ್ಲಿರುವ ಮೂರು ಇನ್‌ವಾಯ್ಸ್‌ಗಳ ತೆರಿಗೆ 1,35,000 ರೂಪಾಯಿಯನ್ನು 2023ರ ಏಪ್ರಿಲ್ ತಿಂಗಳ 3ಬಿಯಲ್ಲಿ ಪಾವತಿಸಲಾಗಿದೆ. ಜಿಎಸ್‌ಟಿಆರ್-9ರ ಟೇಬಲ್ 10ರಲ್ಲಿ ತೋರಿಸಬೇಕಿದ್ದನ್ನು ಟೇಬಲ್ 4ರಲ್ಲಿ ತೋರಿಸಲಾಗಿದೆ. ವಿಳಂಬದ ಬಡ್ಡಿಯನ್ನು ಪಾವತಿಸಲಾಗಿದೆ." ಕೈತಪ್ಪಿನಿಂದ ಆಗಿದೆ, ದಯವಿಟ್ಟು ಕೈಬಿಡಿ ಎಂಬ ಒಂದು ಸಾಲಿನ ಉತ್ತರಗಳನ್ನು ಕಂಡರೆ ನನಗೇ ಸಿಟ್ಟು ಬರುತ್ತದೆ. ಅದನ್ನು ಓದಿದ ಅಧಿಕಾರಿ ಕಡತದಲ್ಲಿ ಏನೆಂದು ಟಿಪ್ಪಣಿ ಬರೆಯಬೇಕು?

ಸೆಪ್ಟೆಂಬರ್‌ನಲ್ಲಿ ಅಧಿಕಾರಿ ಕರೆದರು. ಮಾರ್ಚ್ ಬಿಲ್ಲಿನ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ, ಎರಡು ವರ್ಷದ ಹಾಳೆ ನೋಡಿ ಪಕ್ಕಕ್ಕಿಟ್ಟರು. ಕ್ರೆಡಿಟ್ ನೋಟಿಗೆ ಮಾತ್ರ, "ಅವರು ಐಟಿಸಿ ರಿವರ್ಸ್ ಮಾಡಿದಾರಾ, ಪತ್ರ ತನ್ನಿ" ಎಂದರು. ಕೇಳಿದ್ದು ನ್ಯಾಯವೇ, ಮಾರಿದವರು ತೆರಿಗೆ ಇಳಿಸಿಕೊಳ್ಳಬೇಕಾದರೆ ಕೊಂಡವರು ಕ್ರೆಡಿಟ್ ಬಿಟ್ಟುಕೊಡಬೇಕು. ಆ ಪತ್ರ ಗಿರಾಕಿಯ ಅಕೌಂಟ್ಸ್ ವಿಭಾಗದಿಂದ ಹೊರಬರಲು ಹನ್ನೊಂದು ದಿನ ಹಿಡಿಯಿತು. ಉತ್ತರದ ಜೊತೆಗೇ ಲಗತ್ತಿಸಬೇಕಿತ್ತು. ಆ ತಪ್ಪು ನನ್ನದು.

ಮುಳ್ಳು ಇದ್ದದ್ದು ಸ್ಕ್ರ್ಯಾಪಿನಲ್ಲಿ. ಶೋಕಾಸ್‌ಗೆ ಮುಂಚೆ ತೆರಿಗೆ, ಬಡ್ಡಿ ಕಟ್ಟಿದರೆ ದಂಡವಿಲ್ಲ ಎನ್ನುವುದು ಸೆಕ್ಷನ್ 73ರ ಸಾಮಾನ್ಯ ನಿಯಮ. ಆದರೆ ಗಿರಾಕಿಯಿಂದ ತೆರಿಗೆ ಎಂದು ವಸೂಲು ಮಾಡಿ, ಕಟ್ಟಬೇಕಾದ ದಿನದಿಂದ 30 ದಿನದೊಳಗೆ ಕಟ್ಟದಿದ್ದರೆ ಆ ವಿನಾಯಿತಿ ಸಿಗದು ಎಂದು ಅದೇ ಸೆಕ್ಷನ್‌ನ 11ನೇ ಉಪವಿಧಿ ಹೇಳುತ್ತದೆ. ದಂಡ ತೆರಿಗೆಯ ಶೇ. 10 ಅಥವಾ 10,000, ಯಾವುದು ಹೆಚ್ಚೋ ಅದು. ಕೇಂದ್ರದ ಕಾಯ್ದೆಗೊಂದು, ರಾಜ್ಯದ ಕಾಯ್ದೆಗೊಂದು, ಒಟ್ಟು 20,000. ವಾದಿಸಲು ದಾರಿಯೇ ಇರಲಿಲ್ಲ ಎನ್ನುವುದಿಲ್ಲ. ಆದರೆ ಇಪ್ಪತ್ತು ಸಾವಿರಕ್ಕೆ ಶೋಕಾಸ್ ಎದುರಿಸಿ, ಮೇಲ್ಮನವಿಗೆ ಓಡಾಡುವುದು ಬೇಡವೆಂದೆ. ಮಾಲೀಕರು ಗೊಣಗುತ್ತಲೇ ಕಟ್ಟಿದರು.

ಅಕ್ಟೋಬರ್‌ನಲ್ಲಿ ಎಎಸ್ಎಂಟಿ-12 ಬಂತು. ಒಟ್ಟು ಹೋದದ್ದು 61,966 ರೂಪಾಯಿ, ನಮ್ಮ ಶುಲ್ಕ ಬಿಟ್ಟು. ಮುಂದೆ ಆಡಿಟ್ ಬಂದರೆ ಇದೇ ವರ್ಷವನ್ನು ಅವರು ಮತ್ತೆ ತೆರೆಯಬಹುದು, ಆದ್ದರಿಂದ ಕಡತವನ್ನು ಕಟ್ಟಿ ಅಟ್ಟಕ್ಕೆ ಹಾಕಬೇಡಿ ಎಂದಿದ್ದೇನೆ. ಪೋರ್ಟಲ್‌ನ ಇಮೇಲ್ ಈಗ ಮಾಲೀಕರದೇ. ಗುಜರಿಯ ಬಿಲ್ ಬುಕ್ಕನ್ನು ನಮ್ಮ ಕಚೇರಿಯಲ್ಲೇ ಬಿಟ್ಟುಹೋದರು, ಸ್ಕ್ರ್ಯಾಪಿಗೂ ಈಗ ಟ್ಯಾಲಿಯಲ್ಲೇ ಬಿಲ್.