ಸಹಿ ಹಾಕೋ ಮೊದಲು ಒಂದು ಸಲ ಓದಿ

ಪೀಣ್ಯದಲ್ಲಿ ಲೇತ್, ಸಿಎನ್‌ಸಿ ಕೆಲಸ ಮಾಡುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ನನ್ನ ಕ್ಲೈಂಟ್. ಜೂನ್ ಕೊನೆಗೇ ಅವರ ಆಡಿಟ್ ಮುಕ್ಕಾಲು ಮುಗಿದಿತ್ತು. ಆಗಲೇ ಅವರ ಅಕೌಂಟೆಂಟ್, ಲೆಕ್ಕದ ಬಗ್ಗೆ ಕಂಪನಿಯವರು ಆಡಿಟರಾದ ನನಗೆ ಬರೆದುಕೊಡಬೇಕಾದ ಹೇಳಿಕೆ, ಅಂದರೆ ರೆಪ್ರೆಸೆಂಟೇಶನ್ ಲೆಟರ್‌ಗೆ ಮಾಲೀಕರ ಸಹಿ ಹಾಕಿಸಿ ಕಳಿಸಿಬಿಟ್ಟರು. "ಆಮೇಲೆ ಸಾರ್ ಸಿಗಲ್ಲ, ಟೂರ್ ಇರುತ್ತೆ" ಅಂದರು. ಹೋದ ವರ್ಷದ ಪತ್ರವನ್ನೇ ಕಾಪಿ ಮಾಡಿದ್ದರು. ಎರಡನೇ ಪ್ಯಾರಾದಲ್ಲಿ ಹಳೇ ವರ್ಷದ ತಾರೀಕೇ ಉಳಿದಿತ್ತು. ನಾನು ವಾಪಸ್ ಕಳಿಸಿದೆ.

ತಪ್ಪು ತಾರೀಕಿಗಿಂತ ಬೇಗ ಹಾಕಿದ ಸಹಿಯೇ ದೊಡ್ಡ ತೊಂದರೆ. ಈ ಪತ್ರದ ಬಗ್ಗೆ ನಮಗಿರುವ ಎಸ್‌ಎ 580 ಎಂಬ ಮಾನದಂಡದ ಪ್ರಕಾರ, ಪತ್ರದ ದಿನಾಂಕ ಆಡಿಟ್ ರಿಪೋರ್ಟಿನ ದಿನಾಂಕಕ್ಕೆ ಆದಷ್ಟು ಹತ್ತಿರ ಇರಬೇಕು, ಅದರ ನಂತರದ್ದಾಗಿರಬಾರದು. ಸಾಮಾನ್ಯವಾಗಿ ಎರಡಕ್ಕೂ ಒಂದೇ ದಿನ ಹಾಕುತ್ತೇವೆ. ಜೂನಿನಲ್ಲಿ ಸಹಿಯಾದ ಪತ್ರ ಜುಲೈ, ಆಗಸ್ಟಿನಲ್ಲಿ ಆಗಿದ್ದನ್ನು ಹೇಗೆ ಹೇಳುತ್ತೆ?

ಸೆಪ್ಟೆಂಬರಿನಲ್ಲಿ ಬೋರ್ಡ್ ಮೀಟಿಂಗ್ ದಿನ ಹೊಸ ಪತ್ರ ಹಿಡಿದು ನಾನೇ ಹೋದೆ. ಮಾಲೀಕರು ಪೆನ್ ತೆಗೆದರು. "ಒಂದೊಂದೇ ಪ್ಯಾರಾ ಓದ್ತೀನಿ, ಹತ್ತು ನಿಮಿಷ ಕೊಡಿ" ಅಂದೆ.

ಮೊದಲ ಪ್ಯಾರಾ: ಲೆಕ್ಕಪತ್ರ ಸರಿಯಾಗಿ ತಯಾರಿಸುವ ಹೊಣೆ ನಮ್ಮದು, ಕೇಳಿದ ಮಾಹಿತಿಯೆಲ್ಲ ಕೊಟ್ಟಿದ್ದೇವೆ, ಎಲ್ಲ ವಹಿವಾಟೂ ಪುಸ್ತಕಕ್ಕೆ ಬಂದಿದೆ. ಎಲ್ಲರೂ ಹಾರಿಸುವ ಪ್ಯಾರಾ ಇದು. ಆದರೆ ಇಷ್ಟನ್ನು ಬರೆದುಕೊಡಲ್ಲ ಅಂದರೆ ನಾವು ಅಭಿಪ್ರಾಯವನ್ನೇ ಕೊಡುವ ಹಾಗಿಲ್ಲ. "ಅಭಿಪ್ರಾಯ ಹೇಳಲು ಆಗುವುದಿಲ್ಲ" ಅಂತ ರಿಪೋರ್ಟ್ ಬರೆಯಬೇಕಾಗುತ್ತೆ. ಬ್ಯಾಂಕಿನವರು ಅದನ್ನು ನೋಡಿದರೆ ಓವರ್‌ಡ್ರಾಫ್ಟ್ ಲಿಮಿಟ್ ಕಥೆ ನೀವೇ ಊಹಿಸಿ.

ಸಂಬಂಧಿಗಳ ಜೊತೆಗಿನ ವ್ಯವಹಾರದ ಪ್ಯಾರಾಗೆ ಅವರು ತಲೆಯಾಡಿಸಿದರು. ಶೆಡ್ ಅವರ ಹೆಂಡತಿಯ ಹೆಸರಲ್ಲಿದೆ, ಬಾಡಿಗೆ ಆಗಲೇ ನೋಟಿನಲ್ಲಿ ತೋರಿಸಿದ್ದೆವು.

ಮುಂದಿನದು: "ಲೆಕ್ಕಪತ್ರದ ಮೇಲೆ ಪರಿಣಾಮ ಬೀರುವ, ಈಗಾಗಲೇ ಇರುವ ಅಥವಾ ಬರಬಹುದಾದ ಕೇಸು ಮತ್ತು ಕ್ಲೇಮುಗಳನ್ನೆಲ್ಲ ಆಡಿಟರಿಗೆ ತಿಳಿಸಿದ್ದೇವೆ."

ಪೆನ್ ನಿಂತಿತು.

"ಕೇಸ್ ಯಾವುದೂ ಇಲ್ಲ ಸಾರ್. ಹೊಸೂರಿನ ಒಬ್ಬ ಕಸ್ಟಮರ್ ಜುಲೈನಲ್ಲಿ ಲಾಯರ್ ನೋಟಿಸ್ ಕಳಿಸಿದ್ದಾನೆ, ಅಷ್ಟೇ."

ಅದಕ್ಕೇ ಅಲ್ವಾ ಅಲ್ಲಿ "ಬರಬಹುದಾದ" ಅನ್ನೋ ಪದ ಇರೋದು. ಕೋರ್ಟ್ ನಂಬರ್ ಬಿದ್ದ ಮೇಲೆ ಹೇಳಿದರೆ ಸಾಲದು.

ನೋಟಿಸ್ ತರಿಸಿ ನೋಡಿದೆ. ಜನವರಿಯಲ್ಲಿ ಕಳಿಸಿದ ಎರಡು ಲಾಟ್ ಶಾಫ್ಟ್‌ಗಳ ಅಳತೆ ತಪ್ಪಿದೆ, ಮಾಲಿನ ಬೆಲೆ ಮತ್ತು ಕಸ್ಟಮರ್‌ನ ಪ್ರೊಡಕ್ಷನ್ ಲೈನ್ ನಿಂತ ನಷ್ಟ ಸೇರಿ 18 ಲಕ್ಷ ಕೊಡಿ ಅಂತ ಇತ್ತು. "ನೋಟಿಸ್ ಬಂದಿದ್ದು ಜುಲೈನಲ್ಲಿ, ಮುಂದಿನ ವರ್ಷಕ್ಕೆ ಹಾಕೋಣ" ಅಂದರು ಮಾಲೀಕರು. ಆಗಲ್ಲ. ಮಾಲು ಹಾಳಾಗಿದ್ದು ಮಾರ್ಚ್ 31ಕ್ಕೆ ಮುಂಚೆ. ನೋಟಿಸ್ ಅದನ್ನು ಆಮೇಲೆ ತೋರಿಸಿಕೊಟ್ಟಿತು ಅಷ್ಟೇ. ಹಾಗಾಗಿ ಇದು ಈ ವರ್ಷದ ಲೆಕ್ಕಕ್ಕೇ ಬರಬೇಕು.

ಎಷ್ಟು? ಮಾಲೀಕರ ಕಂಪನಿಯ ಕ್ವಾಲಿಟಿ ಮ್ಯಾನೇಜರ್ ಫೆಬ್ರವರಿಯಲ್ಲೇ ಮೇಲ್ ಬರೆದು ಎರಡೂ ಲಾಟ್ ತಪ್ಪಾಗಿದೆ ಅಂತ ಒಪ್ಪಿದ್ದರು. ಅವುಗಳ ಬೆಲೆ 6 ಲಕ್ಷ. ಅದು ಕೊಡಲೇಬೇಕಾದ ಹಣ ಅನ್ನಿಸಿತು, ಲಾಭದಿಂದ ಕಳೆದು ಪ್ರಾವಿಜನ್ ಮಾಡಿದೆವು. ಲೈನ್ ನಿಂತ ನಷ್ಟದ 12 ಲಕ್ಷಕ್ಕೆ ಪರ್ಚೇಸ್ ಆರ್ಡರಿನಲ್ಲಿ ಷರತ್ತೇ ಇರಲಿಲ್ಲ. ಕೊಡಬೇಕಾಗಿ ಬರಬಹುದು, ಬರದೆಯೂ ಇರಬಹುದು ಅಂತ ಮಾಲೀಕರ ವಕೀಲರು ಬರೆದುಕೊಟ್ಟರು. ಅದು ಬರೀ ನೋಟಿನಲ್ಲಿ ಕಂಟಿಂಜೆಂಟ್ ಲಯಬಿಲಿಟಿ ಆಗಿ ಹೋಯಿತು.

ವಕೀಲರ ಪತ್ರ ಯಾಕೆ, ಮಾಲೀಕರ ಮಾತು ಸಾಲದಾ? ಸಾಲದು. ರೆಪ್ರೆಸೆಂಟೇಶನ್ ಲೆಟರ್ ಬೇಕೇ ಬೇಕು, ಆದರೆ ಅದೊಂದೇ ಪುರಾವೆ ಆಗಲ್ಲ. "ಸ್ಟಾಕ್ ಸರಿ ಇದೆ" ಅಂತ ಬರೆದುಕೊಟ್ಟರೂ ಗೋಡೌನಿಗೆ ಹೋಗಿ ಎಣಿಸುವ ಕೆಲಸ ನಮಗೆ ತಪ್ಪಲ್ಲ. ಕೆಲವು ಆಡಿಟರುಗಳೂ ಇದನ್ನು ಮರೆತು ಪತ್ರವನ್ನೇ ಕೊಡೆಯ ಹಾಗೆ ಹಿಡಿದುಕೊಳ್ಳುತ್ತಾರೆ.

ಕೊನೆಯಲ್ಲಿ ಒಂದು ಅನುಬಂಧ ಇರುತ್ತೆ. ನಾವು ಹುಡುಕಿದ, ಅವರು ತಿದ್ದದೇ ಬಿಟ್ಟ ಸಣ್ಣ ತಪ್ಪುಗಳ ಪಟ್ಟಿ. ಅವೆಲ್ಲ ಸೇರಿದರೂ ಲೆಕ್ಕ ಕೆಡುವಷ್ಟು ದೊಡ್ಡದಲ್ಲ ಅಂತ ಅವರೇ ಹೇಳಬೇಕು. ಇಲ್ಲಿ ಎರಡಿದ್ದವು, ಒಟ್ಟು 41,000 ರೂಪಾಯಿ. ಮಾಲೀಕರಿಗೆ ಅವು ಗೊತ್ತೇ ಇರಲಿಲ್ಲ. ಅಕೌಂಟೆಂಟ್ ಕಡೆ ಒಂದು ಸಲ ನೋಡಿದರು.

ಇದೆಲ್ಲ ತಿದ್ದಿ ಮುಗಿಯಲು ಎಂಟು ದಿನ ಹಿಡಿಯಿತು. ಬೋರ್ಡ್ ಮತ್ತೆ ಸೇರಿ ಹೊಸ ಲೆಕ್ಕ ಒಪ್ಪಿತು. ಪತ್ರದಲ್ಲಿ ಹೊಸೂರಿನ ಕ್ಲೇಮಿಗೆ ಬೇರೆಯದೇ ಒಂದು ಸಾಲು ಸೇರಿಸಿದೆವು. ಈ ಸಲ ಮಾಲೀಕರು ಕನ್ನಡಕ ಹಾಕಿಕೊಂಡು ತಾವೇ ಓದಿದರು, ಫ್ಯಾಕ್ಟರಿ ಮ್ಯಾನೇಜರಿಗೆ ಫೋನ್ ಮಾಡಿ "ಇನ್ಯಾವುದಾದ್ರೂ ನೋಟಿಸ್ ಬಂದಿದೆಯೇನಪ್ಪಾ?" ಅಂತ ಕೇಳಿದರು. ಆಮೇಲೆ ಅವತ್ತಿನ ತಾರೀಕು ಕೈಯಲ್ಲೇ ಬರೆದು ಸಹಿ ಹಾಕಿದರು.