ದಾಳ ಹೇಳಿಸಿದ ‘ಹೌದು’ಗಳನ್ನು ಕಳೆಯುವುದು: ರ್ಯಾಂಡಮೈಸ್ಡ್ ರೆಸ್ಪಾನ್ಸ್ ಟಿಪ್ಪಣಿ

ಸ್ಯಾಂಪಲ್ ಸರ್ವೆ ಪೇಪರಿಗೆ ಓದುತ್ತಾ ರ್ಯಾಂಡಮೈಸ್ಡ್ ರೆಸ್ಪಾನ್ಸ್ ಅಧ್ಯಾಯದಲ್ಲಿ ನಾಲ್ಕು ದಿನ ಸಿಕ್ಕಿಹಾಕಿಕೊಂಡಿದ್ದೆ. ನಿನ್ನೆ ರಾತ್ರಿ ಬಿಡಿಸಿಕೊಂಡಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಉದಾಹರಣೆ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆ ಬಾಗಿಲಿನದೇ: ಲೋಕಲ್ ರೈಲಿನಲ್ಲಿ ಟಿಕೆಟ್ ಇಲ್ಲದೆ ಪ್ರಯಾಣ. ಅಂಕಿಗಳೆಲ್ಲ ಲೆಕ್ಕ ಸಲೀಸಾಗಲೆಂದು ನಾನೇ ಹಿಡಿದವು, ಯಾವ ಸಮೀಕ್ಷೆಯವೂ ಅಲ್ಲ.

“ಕಳೆದ ಒಂದು ತಿಂಗಳಲ್ಲಿ ಒಮ್ಮೆಯಾದರೂ ಟಿಕೆಟ್ ಅಥವಾ ಪಾಸ್ ಇಲ್ಲದೆ ಲೋಕಲ್ ಹತ್ತಿದ್ದೀರಾ?” ಎಂದು ಪ್ಲಾಟ್‌ಫಾರ್ಮಿನಲ್ಲಿ ನಿಂತು ಕೇಳಿದರೆ ಹತ್ತಿದವರೂ ಇಲ್ಲವೆನ್ನುತ್ತಾರೆ. 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಇದಕ್ಕೆ ರ್ಯಾಂಡಮೈಸ್ಡ್ ರೆಸ್ಪಾನ್ಸ್ ಎಂಬ ದಾರಿ ತೋರಿಸಿದರು. ಉತ್ತರಿಸುವವರು ಯಾರಿಗೂ ಕಾಣದಂತೆ ಒಂದು ಸ್ಪಿನ್ನರ್ ತಿರುಗಿಸುತ್ತಾರೆ. ಮುಳ್ಳು “ನಾನು ಆ ಗುಂಪಿನವನು” ಅಥವಾ “ನಾನು ಆ ಗುಂಪಿನವನಲ್ಲ” ಎಂಬ ಎರಡರಲ್ಲಿ ಒಂದು ಹೇಳಿಕೆಯ ಮೇಲೆ ನಿಲ್ಲುತ್ತದೆ. ಅದು ತನಗೆ ಹೊಂದುತ್ತದೋ ಇಲ್ಲವೋ ಎಂದಷ್ಟೇ ಅವರು ಹೇಳಬೇಕು. ಆಮೇಲೆ ಬಂದ ಬಗೆಗಳಲ್ಲಿ ದಾಳ ಹಾಕುವುದು ನನಗೆ ಹೆಚ್ಚು ಹಿಡಿಸಿತು, ಇಲ್ಲಿ ಅದನ್ನೇ ಹಿಡಿದಿದ್ದೇನೆ.

ನಿಯಮ ಇಷ್ಟು. ದಾಳವನ್ನು ಮುಚ್ಚಿ ಹಾಕಿ, ನೀವೊಬ್ಬರೇ ನೋಡಿ. 1 ಬಿದ್ದರೆ ನಿಜ ಏನೇ ಇರಲಿ ‘ಹೌದು’ ಅನ್ನಿ. 6 ಬಿದ್ದರೆ ನಿಜ ಏನೇ ಇರಲಿ ‘ಇಲ್ಲ’ ಅನ್ನಿ. 2ರಿಂದ 5ರವರೆಗೆ ಬಿದ್ದರೆ ನಿಜ ಹೇಳಿ. ನಿಮ್ಮ ‘ಹೌದು’ ಕೇಳಿದವರಿಗೆ ಅದು ನಿಮ್ಮದೋ ದಾಳದ್ದೋ ತಿಳಿಯುವುದಿಲ್ಲ.

ಮೊದಲ ಲೆಕ್ಕ

300 ಜನರನ್ನು ಕೇಳಿದೆವು, 90 ಜನ ‘ಹೌದು’ ಎಂದರು ಎಂದುಕೊಳ್ಳಿ. ಸರಾಸರಿ ನೋಡಿದರೆ 50 ಜನಕ್ಕೆ 1 ಬಿದ್ದಿರಬೇಕು, ಅವರೆಲ್ಲ ‘ಹೌದು’. 50 ಜನಕ್ಕೆ 6, ಅವರೆಲ್ಲ ‘ಇಲ್ಲ’. ಉಳಿದ 200 ಜನ ನಿಜ ಹೇಳಿದವರು. 90ರಲ್ಲಿ ದಾಳದ 50 ಕಳೆದರೆ 40. ಆ 200ರಲ್ಲಿ 40 ಅಂದರೆ ಶೇ. 20. ಸೂತ್ರ ಇದನ್ನೇ ಹೇಳುತ್ತದೆ. λ ಎಂದರೆ ‘ಹೌದು’ ಅಂದವರ ಪಾಲು, π ಎಂದರೆ ನಮಗೆ ಬೇಕಾದ ಪಾಲು:

```
λ = 1/6 + (4/6)π
π = (λ − 1/6) / (4/6) = 1.5λ − 0.25
```

λ = 0.30 ಹಾಕಿದರೆ 0.45 − 0.25 = 0.20.

ನಾನು ಎಡವಿದ್ದು: ಸ್ಯಾಂಪಲ್ 200 ಅಲ್ಲ

ಇಲ್ಲಿ ನನ್ನ ತಲೆಯಲ್ಲಿ ಓಡಿದ್ದು ಹೀಗೆ. ನೂರು ಜನರ ಉತ್ತರ ದಾಳದ ಪಾಲಾಯಿತು, 200 ಜನರದ್ದು ಉಳಿಯಿತು. ಹಾಗಾದರೆ ಇದು 200 ಜನರನ್ನು ನೇರವಾಗಿ ಕೇಳಿದ್ದಕ್ಕೆ ಸಮ. ಸ್ಟ್ಯಾಂಡರ್ಡ್ ಎರರ್, ಅಂದರೆ ಉತ್ತರ ಎಷ್ಟು ಆಚೀಚೆಯಾದೀತೆಂಬ ಅಳತೆ, √(0.2 × 0.8 / 200) = 0.028, ಅಂದರೆ ಶೇ. 2.8 ಎಂದು ಬರೆದೆ. ಪುಸ್ತಕದ ಉತ್ತರ ಶೇ. 4. ಮೂರು ಸಲ ಮಾಡಿದರೂ ಹೊಂದಲಿಲ್ಲ. ಅಚ್ಚಿನ ತಪ್ಪಿರಬೇಕೆಂದು ಬೇರೆ ಪುಸ್ತಕ ತೆಗೆದೆ, ಅಲ್ಲೂ ಅದೇ ಬಗೆಯ ಉತ್ತರ.

ತಪ್ಪು ಎಲ್ಲಿತ್ತೆಂದರೆ, 200 ಜನ ನಿಜ ಹೇಳಿದ್ದು ಹೌದು, ಆದರೆ *ಯಾವ* 200 ಎಂದು ನಮಗೆ ಗೊತ್ತಿಲ್ಲ. ದಾಳ ಬಿದ್ದದ್ದನ್ನು ನಾವು ನೋಡಿಲ್ಲ, ನೋಡುವಂತೆಯೂ ಇಲ್ಲ. 50 ಎಂಬುದು ಎಣಿಸಿದ ಸಂಖ್ಯೆಯಲ್ಲ, ಸರಾಸರಿಯ ಮೇಲೆ ನಂಬಿ ಕಳೆದ ಸಂಖ್ಯೆ. 300 ಸಲ ದಾಳ ಹಾಕಿದರೆ 1 ಸರಿಯಾಗಿ 50 ಸಲವೇ ಬೀಳಬೇಕೆಂದಿಲ್ಲ. ಅದರ ಏರಿಳಿತದ ಅಳತೆ √(300 × 1/6 × 5/6), ಸುಮಾರು 6.5. ಹಾಗಾಗಿ 44 ಬಿದ್ದಿದ್ದರೂ 57 ಬಿದ್ದಿದ್ದರೂ ಆಶ್ಚರ್ಯವಿಲ್ಲ. 57 ಬಿದ್ದಿದ್ದರೆ ಜನರ ನಿಜವಾದ ‘ಹೌದು’ 33 ಮಾತ್ರ. ನಾವು ಅದನ್ನರಿಯದೆ 50ನ್ನೇ ಕಳೆದು 40 ಎನ್ನುತ್ತೇವೆ. 6ಕ್ಕೂ ಇದೇ ಮಾತು.

ಒಟ್ಟು ಏರಿಳಿತವನ್ನು ಒಡೆದು ನೋಡಿದ ಮೇಲೆಯೇ ನನಗೆ ಸಮಾಧಾನವಾದದ್ದು. ಏರಿಳಿತದ ಅಳತೆಯ ವರ್ಗವೇ ವೇರಿಯನ್ಸ್. ‘ಹೌದು’ ಅಂದವರ ಎಣಿಕೆಯ ವೇರಿಯನ್ಸ್ 300 × 0.3 × 0.7 = 63. ನಿಜ ಹೇಳಿದ 200 ಜನರ ಕಡೆಯಿಂದ ಬರುವ ವೇರಿಯನ್ಸ್ 200 × 0.2 × 0.8 = 32. ಉಳಿದ 31 ಪೂರ್ತಿ ದಾಳದ್ದು. ಅಂದರೆ ಗದ್ದಲದಲ್ಲಿ ಅರ್ಧ ಜನರದ್ದು, ಅರ್ಧ ಅವರನ್ನು ಮರೆಮಾಡಲು ನಾವೇ ಸೇರಿಸಿದ್ದು. ನಾನು 32ನ್ನು ಮಾತ್ರ ಎಣಿಸಿ 31ನ್ನು ಬಿಟ್ಟಿದ್ದೆ. √63 ಅಂದರೆ 7.94, ಅದನ್ನು 200ರಿಂದ ಭಾಗಿಸಿದರೆ 0.0397. ಪುಸ್ತಕದ ಶೇ. 4 ಇದೇ. ಕೇಳಿದ ಜನರ ಸಂಖ್ಯೆ n, ಸ್ಟ್ಯಾಂಡರ್ಡ್ ಎರರ್ SE ಎಂದು ಸೂತ್ರದಲ್ಲಿ ಬರೆದರೆ:

```
SE = √( λ(1−λ)/n ) / (4/6)
```

ಚೌಕಮೂಲದೊಳಗೆ ಹೋಗುವುದು λ, π ಅಲ್ಲ. ಪರೀಕ್ಷೆಯಲ್ಲಿ ಕೈತಪ್ಪುವುದು ಅಲ್ಲೇ. ನಮ್ಮ ಉದಾಹರಣೆಯಲ್ಲಿ ಉತ್ತರ ಶೇ. 20, SEಯ ಎರಡರಷ್ಟು ಹಿಡಿದರೆ ಆಚೀಚೆ ಸುಮಾರು 8, ಅಂದರೆ 12ರಿಂದ 28. ಎಲ್ಲರೂ ನಿಜವನ್ನೇ ಹೇಳುವುದಾಗಿದ್ದರೆ ಇಷ್ಟೇ ನಿಖರತೆಗೆ ನೇರ ಪ್ರಶ್ನೆಯಲ್ಲಿ ಸುಮಾರು ನೂರು ಜನ ಸಾಕಿತ್ತು. ದಾಳದ ಮರೆಗೆ ನಾವು ತೆರುವ ಬೆಲೆ ಮೂರು ಪಟ್ಟು ಜನ.

1 ಬಿದ್ದರೂ ‘ಇಲ್ಲ’ ಅನ್ನುವವರು

ಇಷ್ಟೆಲ್ಲ ಲೆಕ್ಕ ನಿಂತಿರುವುದು ಜನ ನಿಯಮ ಪಾಲಿಸುತ್ತಾರೆ ಎಂಬುದರ ಮೇಲೆ. ಭಾನುವಾರ ಮನೆಯಲ್ಲಿ ಸ್ಟೀಲ್ ಲೋಟದೊಳಗೆ ದಾಳ ಹಾಕಿ ಎಲ್ಲರ ಮುಂದಿಟ್ಟೆ. ದೊಡ್ಡಪ್ಪ ಲೋಟ ಅಲ್ಲಾಡಿಸಿದರು, ಅಂಗೈ ಅಡ್ಡ ಹಿಡಿದು ಇಣುಕಿದರು, ಸ್ವಲ್ಪ ಹೊತ್ತು ಸುಮ್ಮನಿದ್ದು ‘ಇಲ್ಲ’ ಅಂದರು. ಆಮೇಲೆ ಲೋಟವನ್ನು ನನ್ನ ಕಡೆ ತಿರುಗಿಸಿದರು. ತಳದಲ್ಲಿ 1.

“ದೊಡ್ಡಪ್ಪ, ಒಂದು ಬಿದ್ರೆ ಹೌದು ಅನ್ಬೇಕಲ್ಲ?”

“ನಾನ್ಯಾಕೆ ಹೌದು ಅನ್ಬೇಕು ಮಾರಾಯ್ತಿ? ಮೂವತ್ತು ವರ್ಷ ಫೋರ್ಟ್‌ಗೆ ಹೋಗಿಬಂದಿದ್ದೇನೆ, ಒಂದು ದಿನ ಪಾಸ್ ಇಲ್ಲದೆ ಗಾಡಿ ಹತ್ತಿದವನಲ್ಲ. ನಿನ್ನ ದಾಳ ಹೇಳ್ತದೆ ಅಂತ ಕಳ್ಳ ಅನ್ನಿಸಿಕೊಳ್ಳಲಾ?”

ಅಲ್ಲಿಯವರೆಗೆ ಸುಳ್ಳು ಹೇಳುವವರೆಂದರೆ ಟಿಕೆಟ್ ತಪ್ಪಿಸಿದವರು ಮಾತ್ರ ಎಂದುಕೊಂಡಿದ್ದೆ. ಏನೂ ಮಾಡದವರಿಗೂ ಮಾಡಿದ್ದೇನೆಂದು ಬಾಯಲ್ಲಿ ಹೇಳುವುದು ಕಷ್ಟ. ಮೇಲಿನ 300 ಜನರಲ್ಲಿ ಹತ್ತರಲ್ಲೊಬ್ಬರು, ದಾಳ ಏನೇ ಬೀಳಲಿ ‘ಇಲ್ಲ’ವೆಂದೇ ನಿಂತರು ಎನ್ನಿ. ‘ಹೌದು’ 90ರಿಂದ 81ಕ್ಕೆ ಇಳಿಯುತ್ತದೆ. 50 ಕಳೆದರೆ 31, ಅಂದರೆ ಶೇ. 15.5. ನಿಜವಾದ 20 ಎಲ್ಲೂ ಕಾಣಿಸುವುದಿಲ್ಲ, ಲೆಕ್ಕದಲ್ಲೂ ತಪ್ಪಿನ ಗುರುತಿರುವುದಿಲ್ಲ.

ಗುರುತು ಸಿಗುವುದು ಒಂದೇ ಸಂದರ್ಭದಲ್ಲಿ: ‘ಹೌದು’ಗಳು 50ಕ್ಕಿಂತ ಕಡಿಮೆಯಾಗಿ π ಋಣವಾದಾಗ. ಅದಕ್ಕೂ ಅವಸರ ಬೇಡ. 45 ಬಂದರೆ ದಾಳದ ಏರಿಳಿತವೇ ಇರಬಹುದು, 6.5ರೊಳಗೇ ಇದೆ. 33 ಬಂದರೆ 17 ಕಡಿಮೆ, ಎರಡೂವರೆ ಪಟ್ಟಿಗೂ ಮೇಲೆ. ಆಗ ಜನ ನಿಯಮ ಮುರಿದಿದ್ದಾರೆಂದು ಧೈರ್ಯವಾಗಿ ಹೇಳಬಹುದು.

ಎರಡು ಬಗೆಯ ಚೀಟಿ

ದೊಡ್ಡಪ್ಪನಂಥವರನ್ನೂ ಎಣಿಸುವ ಉಪಾಯವನ್ನು 1998ರಲ್ಲಿ ಕ್ಲಾರ್ಕ್ ಮತ್ತು ಡೆಶಾರ್ನೆ ಕೊಟ್ಟರು. ಈ ಅಧ್ಯಾಯದಲ್ಲಿ ನನಗೆ ತೀರಾ ಇಷ್ಟವಾದದ್ದು ಇದು. ಜನರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಬೇಕು. ಮೊದಲ ಗುಂಪಿಗೆ 1 ಬಿದ್ದರೆ ಮಾತ್ರ ಕಡ್ಡಾಯ ‘ಹೌದು’. ಎರಡನೆಯದಕ್ಕೆ 1, 2, 3, 4 ಯಾವುದು ಬಿದ್ದರೂ ಕಡ್ಡಾಯ ‘ಹೌದು’. ಉಳಿದ ಮುಖಗಳಿಗೆ ನಿಜ. ಕಡ್ಡಾಯ ‘ಇಲ್ಲ’ ಇಲ್ಲಿಲ್ಲ. (ಮುಖಗಳ ಹಂಚಿಕೆ ನನ್ನದು, ಉಪಾಯ ಅವರದು.)

ಈಗ ಜನರನ್ನು ಮೂರು ಪಾಲು ಮಾಡಿ. π ಎಂದರೆ ಮಾಡಿದ್ದು ನಿಜವೆಂದು ಪ್ರಾಮಾಣಿಕವಾಗಿ ಒಪ್ಪುವವರು. β ಎಂದರೆ ಮಾಡದವರು, ನಿಯಮ ಪಾಲಿಸುವವರು. γ ಎಂದರೆ ದಾಳ ಏನೇ ಬೀಳಲಿ ‘ಇಲ್ಲ’ ಅನ್ನುವವರು. ಒಂದು ಮುಖದಿಂದ ನಾಲ್ಕು ಮುಖಕ್ಕೆ ಹೋದಾಗ ಯಾರ ಉತ್ತರ ಬದಲಾದೀತು? π ಗುಂಪು ಎರಡರಲ್ಲೂ ‘ಹೌದು’. γ ಗುಂಪು ಎರಡರಲ್ಲೂ ‘ಇಲ್ಲ’. ಬದಲಾಗುವುದು β ಮಾತ್ರ, ಅದೂ ಆರರಲ್ಲಿ ಮೂರು ಮುಖದಷ್ಟು, ಅಂದರೆ ಅರ್ಧ. ಹಾಗಾಗಿ ಎರಡು ಗುಂಪಿನ ‘ಹೌದು’ಗಳ ವ್ಯತ್ಯಾಸವನ್ನು ದ್ವಿಗುಣ ಮಾಡಿದರೆ β ಸಿಕ್ಕಿತು.

ಪ್ರತಿ ಗುಂಪಿನಲ್ಲಿ 400 ಜನ, ಮೊದಲನೆಯದರಲ್ಲಿ 110 ‘ಹೌದು’, ಎರಡನೆಯದರಲ್ಲಿ 260 ಎಂದು ಹಿಡಿಯೋಣ. ಶೇ. 27.5 ಮತ್ತು ಶೇ. 65. ವ್ಯತ್ಯಾಸ 37.5, ಅದರ ಎರಡರಷ್ಟು 75. ಇದು β. ಮೊದಲ ಗುಂಪಿನಲ್ಲಿ β ಪೈಕಿ ಆರನೇ ಒಂದು ಭಾಗ, ಅಂದರೆ 12.5, ದಾಳದ ‘ಹೌದು’. 27.5ರಲ್ಲಿ ಅದನ್ನು ಕಳೆದರೆ π = 15. ನೂರಕ್ಕೆ ಉಳಿದದ್ದು γ = 10.

ಉತ್ತರ ಓದುವಾಗ ಎಚ್ಚರ ಬೇಕು. ಶೇ. 15 ಎಂಬುದು ಒಪ್ಪಿಕೊಂಡವರ ಪಾಲು, ಮಾಡಿದವರೆಲ್ಲರದ್ದಲ್ಲ. γದ ಹತ್ತರಲ್ಲಿ ಟಿಕೆಟ್ ತಪ್ಪಿಸಿ ಬಾಯಿ ಬಿಡದವರೂ ಇದ್ದಾರೆ, ದೊಡ್ಡಪ್ಪನಂತೆ ಪಾಸ್ ಜೇಬಿನಲ್ಲಿಟ್ಟುಕೊಂಡವರೂ ಇದ್ದಾರೆ. ಅವರನ್ನು ಬೇರ್ಪಡಿಸಲು ಈ ವಿಧಾನಕ್ಕೂ ಆಗದು. ಆದ್ದರಿಂದ ಮಾಡಿದವರ ಪಾಲು 15ಕ್ಕಿಂತ ಕಡಿಮೆಯಿಲ್ಲ, 25ಕ್ಕಿಂತ ಹೆಚ್ಚಿಲ್ಲ ಎಂದೇ ಬರೆಯಬೇಕು, ಅದರ ಮೇಲೆ ಸ್ಯಾಂಪಲ್ಲಿನ ಏರಿಳಿತ ಬೇರೆ. ಇನ್ನೊಂದು ಷರತ್ತು: ನಾಲ್ಕು ಮುಖ ಕಡ್ಡಾಯ ‘ಹೌದು’ ಆದಾಗ ಹೆಚ್ಚು ಜನ ಮೊಂಡು ಹಿಡಿದರೆ γ ಎರಡೂ ಗುಂಪಿನಲ್ಲಿ ಒಂದೇ ಇರುವುದಿಲ್ಲ, ಕಳೆಯುವ ಲೆಕ್ಕವೇ ಕುಸಿಯುತ್ತದೆ.

γದ ಸ್ಟ್ಯಾಂಡರ್ಡ್ ಎರರನ್ನೂ ಮಾಡಿ ನೋಡಿದೆ. ಎರಡು ಗುಂಪುಗಳ ‘ಹೌದು’ ಪಾಲು λ₁, λ₂ ಎಂದಿಟ್ಟು ಕೈಲೆಕ್ಕಕ್ಕೆ γ = 1 + (2/3)λ₁ − (5/3)λ₂ ಎಂದು ಬರೆದುಕೊಂಡರೆ ಸುಲಭ, ಎರಡು ಗುಂಪುಗಳ ವೇರಿಯನ್ಸಿಗೆ ಈ ಗುಣಕಗಳ ವರ್ಗ ಹಾಕಿ ಕೂಡಿಸಬಹುದು. ಶೇ. 4.2 ಬಂತು. ಎಂಟುನೂರು ಜನರನ್ನು ಕೇಳಿದ ಮೇಲೂ γ ಶೇ. 2ರಿಂದ 18ರವರೆಗೆ ಎಲ್ಲಿ ಬೇಕಾದರೂ ಇರಬಹುದು.