‘ಮೂರು ತಿಂಗಳು ಜಾಸ್ತಿ’ ಅಂದರೆ ಯಾರಿಗೆ?

ಕ್ಯಾನ್ಸರ್ ಔಷಧದ ಸುದ್ದಿಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಬರುತ್ತದೆ: ‘ಹೊಸ ಔಷಧದಿಂದ ರೋಗಿಗಳು ಮೂರು ತಿಂಗಳು ಹೆಚ್ಚು ಬದುಕುತ್ತಾರೆ.’ ಕ್ಲಿನಿಕಲ್ ಟ್ರಯಲ್‌ಗಳ ಅಂಕಿಅಂಶ ನೋಡುವುದೇ ನನ್ನ ಕೆಲಸ. ಈ ವಾಕ್ಯ ಕಂಡಾಗಲೆಲ್ಲ ನಾನು ಮೊದಲು ಹುಡುಕುವುದು ಪ್ರಬಂಧದಲ್ಲಿರುವ ಗ್ರಾಫ್. ಆ ಮೂರು ತಿಂಗಳು ಯಾವ ರೋಗಿಯದೂ ಅಲ್ಲದಿರಬಹುದು.

ಒಂದು ನಿಜವಾದ ಟ್ರಯಲ್ ಹಿಡಿದು ನೋಡೋಣ. ಹೆಸರು ಚೆಕ್‌ಮೇಟ್ 057, ಪ್ರಕಟವಾದದ್ದು 2015ರಲ್ಲಿ. ಒಂದು ಬಗೆಯ ಶ್ವಾಸಕೋಶದ ಕ್ಯಾನ್ಸರ್ ಮುಂದುವರಿದ ಹಂತಕ್ಕೆ ಹೋಗಿದ್ದ, ಮೊದಲ ಕೀಮೋಥೆರಪಿ ಆದಮೇಲೂ ರೋಗ ಬೆಳೆದಿದ್ದ 582 ಜನ ಇದರಲ್ಲಿದ್ದರು. 292 ಜನರಿಗೆ ನಿವೊಲುಮಾಬ್ ಎಂಬ ಇಮ್ಯುನೊಥೆರಪಿ ಔಷಧ, 290 ಜನರಿಗೆ ಡೊಸಿಟಾಕ್ಸೆಲ್ ಎಂಬ ಹಳೆಯ ಕೀಮೋ. ಮೀಡಿಯನ್ ಬದುಕು ನಿವೊಲುಮಾಬ್ ಗುಂಪಿನಲ್ಲಿ 12.2 ತಿಂಗಳು, ಡೊಸಿಟಾಕ್ಸೆಲ್ ಗುಂಪಿನಲ್ಲಿ 9.4 ತಿಂಗಳು. ವ್ಯತ್ಯಾಸ 2.8. ಸುದ್ದಿಯ ‘ಮೂರು ತಿಂಗಳು’ ಬರುವುದು ಇಂಥ ಕಳೆಯುವ ಲೆಕ್ಕದಿಂದಲೇ.

ಈ ಮೀಡಿಯನ್ ಎಲ್ಲಿಂದ ಬರುತ್ತದೆ? ಸರ್ವೈವಲ್ ಕರ್ವ್ ಅಂದರೆ ಯಾವ ತಿಂಗಳಲ್ಲಿ ಎಷ್ಟು ಪ್ರತಿಶತ ಜನ ಇನ್ನೂ ಬದುಕಿದ್ದಾರೆ ಎಂದು ತೋರಿಸುತ್ತಾ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ರೇಖೆ. ಎಡಗಡೆ 100 ಪ್ರತಿಶತದಿಂದ ಶುರುವಾಗುತ್ತದೆ. ಅದು 50 ಪ್ರತಿಶತಕ್ಕೆ ಇಳಿಯುವ ತಿಂಗಳು ಯಾವುದೋ ಅದೇ ಮೀಡಿಯನ್. ಅಂದರೆ ಅದು ಸರಾಸರಿ ಆಯಸ್ಸಲ್ಲ, ‘ಇಷ್ಟೇ ದಿನ’ ಎಂಬ ಗಡುವೂ ಅಲ್ಲ. ಇಡೀ ರೇಖೆಯ ಮೇಲೆ ಒಂದೇ ಒಂದು ಬಿಂದು.

ಆ ರೇಖೆಯನ್ನು ಎಳೆಯುವ ವಿಧಾನವನ್ನು ಕಾಪ್ಲಾನ್ ಮತ್ತು ಮೇಯರ್ 1958ರಲ್ಲಿ ಕೊಟ್ಟರು. ಟ್ರಯಲ್ ಫಲಿತಾಂಶ ಬರೆಯುವ ಹೊತ್ತಿಗೆ ಎಷ್ಟೋ ಜನ ಇನ್ನೂ ಬದುಕಿರುತ್ತಾರೆ. ಕೆಲವರು ನಡುವೆ ಸಂಪರ್ಕ ತಪ್ಪಿರುತ್ತಾರೆ. ಇವರನ್ನು ಸತ್ತವರ ಲೆಕ್ಕಕ್ಕೆ ಹಾಕುವಂತಿಲ್ಲ, ಪೂರ್ತಿ ಬಿಟ್ಟುಬಿಡುವಂತೆಯೂ ಇಲ್ಲ. ಇವರನ್ನು ‘ಸೆನ್ಸಾರ್ಡ್’ ಎನ್ನುತ್ತಾರೆ. ಗ್ರಾಫ್‌ನಲ್ಲಿ ರೇಖೆಯ ಮೇಲೆ ಕಾಣುವ ಪುಟ್ಟ ಗೀಟುಗಳು ಇವರದೇ.

ಹತ್ತೇ ಜನರ ಒಂದು ಕಾಲ್ಪನಿಕ ಗುಂಪು ಇಟ್ಟುಕೊಂಡು ಲೆಕ್ಕ ಮಾಡೋಣ. 2ನೇ ತಿಂಗಳಲ್ಲಿ ಒಬ್ಬರು ತೀರಿಕೊಂಡರು. ಹತ್ತರಲ್ಲಿ ಒಂಬತ್ತು ಉಳಿದವು, ರೇಖೆ 90 ಪ್ರತಿಶತಕ್ಕೆ ಬಂತು. 3ನೇ ತಿಂಗಳಲ್ಲಿ ಒಬ್ಬರು ಸೆನ್ಸಾರ್ ಆದರು. ರೇಖೆ ಅಲ್ಲಾಡುವುದಿಲ್ಲ, ಆದರೆ ಲೆಕ್ಕದಲ್ಲಿ ಈಗ ಎಂಟೇ ಜನ. 5ನೇ ತಿಂಗಳಲ್ಲಿ ಒಬ್ಬರು ತೀರಿಕೊಂಡರೆ 90 ಪ್ರತಿಶತದ ಎಂಟರಲ್ಲಿ ಏಳು ಪಾಲು ಉಳಿಯಿತು, ಅಂದರೆ ಸುಮಾರು 79. 6ರಲ್ಲಿ ಇನ್ನೊಬ್ಬರು ಸೆನ್ಸಾರ್, ಉಳಿದದ್ದು ಆರು ಜನ. 8ರಲ್ಲಿ ಒಂದು ಸಾವು, ರೇಖೆ ಸುಮಾರು 66ಕ್ಕೆ. 11ರಲ್ಲಿ ಇನ್ನೊಂದು ಸಾವು, 52.5ಕ್ಕೆ. ಈಗ ನಾಲ್ಕು ಜನ ಇದ್ದಾರೆ. 12ನೇ ತಿಂಗಳಲ್ಲಿ ಇಬ್ಬರು ಸೆನ್ಸಾರ್ ಆದರು. ಉಳಿದದ್ದು ಇಬ್ಬರೇ. 14ರಲ್ಲಿ ಅವರಲ್ಲೊಬ್ಬರು ತೀರಿಕೊಂಡ ಕೂಡಲೇ ರೇಖೆ ದಿಢೀರನೆ ಅರ್ಧಕ್ಕೆ, 26ಕ್ಕೆ ಬೀಳುತ್ತದೆ. ಹೀಗೆ ಮೀಡಿಯನ್ 14 ತಿಂಗಳು.

ಇದರಲ್ಲಿ ಎರಡು ಸಂಗತಿ ಕಾಣಿಸಿತೇ? ಬಲಗಡೆ ಹೋದಂತೆ ಒಬ್ಬೊಬ್ಬರ ತೂಕ ಏರುತ್ತದೆ. ಶುರುವಿನಲ್ಲಿ ಒಂದು ಸಾವಿಗೆ ರೇಖೆ ಇಳಿದದ್ದು 10, ಕೊನೆಯಲ್ಲಿ ಒಂದು ಸಾವಿಗೆ ಇಳಿದದ್ದು 26. ಎರಡನೆಯದು, 12ನೇ ತಿಂಗಳಲ್ಲಿ ಸೆನ್ಸಾರ್ ಆದ ಇಬ್ಬರಲ್ಲಿ ಒಬ್ಬರು ಅದೇ ತಿಂಗಳು ತೀರಿಕೊಂಡಿದ್ದರೆ ರೇಖೆ ಆಗಲೇ 39ಕ್ಕೆ ಇಳಿಯುತ್ತಿತ್ತು. ಮೀಡಿಯನ್ 14ರ ಬದಲು 12 ಆಗುತ್ತಿತ್ತು. ಒಬ್ಬರಿಂದ ಎರಡು ತಿಂಗಳ ವ್ಯತ್ಯಾಸ! ದೊಡ್ಡ ಟ್ರಯಲ್‌ಗಳಲ್ಲಿ ಇಷ್ಟು ಅಲುಗಾಟ ಇರುವುದಿಲ್ಲ, ನಿಜ. ಆದರೆ ಪೂರ್ತಿ ಇಲ್ಲ ಅಂತಲೂ ಅಲ್ಲ. ಚೆಕ್‌ಮೇಟ್ 057ರಲ್ಲೇ 12.2 ತಿಂಗಳ ಅಕ್ಕಪಕ್ಕದ ಅನಿಶ್ಚಿತತೆ 9.7ರಿಂದ 15.0 ತಿಂಗಳವರೆಗೆ ಹರಡಿತ್ತು.

ಈಗ ಹಜಾರ್ಡ್ ರೇಶಿಯೊ. ಈ ಟ್ರಯಲ್‌ನಲ್ಲಿ ಅದು 0.73. ‘ಸಾವು 27 ಪ್ರತಿಶತ ಕಮ್ಮಿ’ ಎಂದು ಬರೆದುಬಿಡುತ್ತಾರೆ. ಅದನ್ನು ಓದಿದವರು ನೂರರಲ್ಲಿ 27 ಜನ ಹೆಚ್ಚಾಗಿ ಉಳಿದುಕೊಂಡರು ಅಂದುಕೊಳ್ಳುತ್ತಾರೆ. ಅದು ತಪ್ಪು. ಹಜಾರ್ಡ್ ಅಂದರೆ ಇಲ್ಲಿಯವರೆಗೆ ಬದುಕಿರುವವರಲ್ಲಿ ಸಾವು ಯಾವ ವೇಗದಲ್ಲಿ ಆಗುತ್ತಿದೆ ಎಂಬುದು. ಈ ತಿಂಗಳ ಶುರುವಿನಲ್ಲಿ ಎರಡೂ ಗುಂಪಿನಲ್ಲಿ ನೂರು ನೂರು ಜನ ಬದುಕಿದ್ದಾರೆ ಅನ್ನಿ. ಈ ತಿಂಗಳಲ್ಲಿ ಕೀಮೋ ಗುಂಪಿನಲ್ಲಿ ಹತ್ತು ಸಾವಾದರೆ ಇನ್ನೊಂದರಲ್ಲಿ ಸುಮಾರು ಏಳು. ಮುಂದಿನ ತಿಂಗಳು ಉಳಿದವರ ಮೇಲೆ ಮತ್ತೆ ಅದೇ ಅನುಪಾತ. 0.73 ಹೇಳುವುದು ಅಷ್ಟು.

ಇದನ್ನು ಪರೀಕ್ಷಿಸುವ ಸುಲಭ ಲೆಕ್ಕ ಒಂದಿದೆ. ಅನುಪಾತ ಶುರುವಿನಿಂದ ಕೊನೆವರೆಗೂ ಒಂದೇ ಆಗಿದ್ದರೆ, ಕೀಮೋ ಗುಂಪಿನಲ್ಲಿ ಉಳಿದವರ ಪಾಲನ್ನು ಹಜಾರ್ಡ್ ರೇಶಿಯೊದ ಘಾತಕ್ಕೆ ಏರಿಸಿದಾಗ ಹೊಸ ಔಷಧದ ಗುಂಪಿನ ಪಾಲು ಸಿಗಬೇಕು. ಒಂದು ವರ್ಷಕ್ಕೆ ಡೊಸಿಟಾಕ್ಸೆಲ್ ಗುಂಪಿನಲ್ಲಿ ಬದುಕಿದ್ದವರು 39 ಪ್ರತಿಶತ.

```
0.39^0.73 ≈ 0.50
0.23^0.73 ≈ 0.34
```

ಮೊದಲ ಸಾಲು ಒಂದು ವರ್ಷದ್ದು. ಟ್ರಯಲ್‌ನಲ್ಲಿ ನಿಜವಾಗಿ ಕಂಡದ್ದು 51 ಪ್ರತಿಶತ. ಚೆನ್ನಾಗಿ ಹೊಂದುತ್ತದೆ ಅಲ್ವಾ? ಎರಡನೇ ಸಾಲು ಒಂದೂವರೆ ವರ್ಷದ್ದು. ಆಗ ಕೀಮೋ ಗುಂಪಿನಲ್ಲಿ ಉಳಿದಿದ್ದವರು 23 ಪ್ರತಿಶತ, ಆದ್ದರಿಂದ ಇನ್ನೊಂದು ಗುಂಪಿನಲ್ಲಿ 34 ಇರಬೇಕಿತ್ತು. ಕಂಡದ್ದು 39. ಇಲ್ಲಿ ಬಿರುಕು ಬಿಡುತ್ತಿದೆ.

ಇನ್ನೂ ದೂರ ಹೋಗೋಣ. ಈ ಟ್ರಯಲ್ ಮತ್ತು ಇದರ ಜೋಡಿ ಟ್ರಯಲ್ ಚೆಕ್‌ಮೇಟ್ 017 ಎರಡನ್ನೂ ಸೇರಿಸಿ ಐದು ವರ್ಷದ ಲೆಕ್ಕ ಹಾಕಿದ್ದಾರೆ. ಡೊಸಿಟಾಕ್ಸೆಲ್ ಗುಂಪಿನಲ್ಲಿ ಉಳಿದವರು 2.6 ಪ್ರತಿಶತ, ನಿವೊಲುಮಾಬ್ ಗುಂಪಿನಲ್ಲಿ 13.4. ಸೇರಿಸಿದ ಹಜಾರ್ಡ್ ರೇಶಿಯೊ 0.68. ಅದನ್ನೇ ನಂಬಿ ಲೆಕ್ಕ ಮಾಡಿದರೆ ಸಿಗುವುದು ಸುಮಾರು 8 ಪ್ರತಿಶತ ಮಾತ್ರ. ದೂರದ ವರ್ಷಗಳಲ್ಲಿ ಔಷಧದ ಲಾಭ ಆ ಒಂದು ಸಂಖ್ಯೆ ಹೇಳುವುದಕ್ಕಿಂತ ಬಹಳ ದೊಡ್ಡದು.

ಹಾಗಾದರೆ ಶುರುವಿನಲ್ಲಿ? ಅಲ್ಲಿ ಕಥೆ ತಿರುಗುಮುರುಗು. 057ರ ಮೊದಲ ಮೂರು ತಿಂಗಳಲ್ಲಿ ನಿವೊಲುಮಾಬ್ ಗುಂಪಿನಲ್ಲಿ 59 ಜನ ತೀರಿಕೊಂಡರು, ಡೊಸಿಟಾಕ್ಸೆಲ್ ಗುಂಪಿನಲ್ಲಿ 44. ಗ್ರಾಫ್‌ನಲ್ಲಿ ಮೊದಲು ಹೊಸ ಔಷಧದ ರೇಖೆ ಕೆಳಗಿದೆ. ಆಮೇಲೆ ಎರಡೂ ಒಂದನ್ನೊಂದು ಕತ್ತರಿಸಿ, ನಂತರ ಅದು ಮೇಲೆ ಉಳಿಯುತ್ತದೆ. ಅಂದರೆ 0.73 ಎಂಬುದು ಇಡೀ ಪ್ರಯಾಣದ ಸರಾಸರಿ ವೇಗದಂಥದ್ದು. ಘಾಟಿಯಲ್ಲಿ ಬಸ್ಸು ಎಷ್ಟು ತೆವಳಿತು ಎಂದು ಅದು ಹೇಳುವುದಿಲ್ಲ. ರೇಖೆಗಳು ಕತ್ತರಿಸಿದ್ದು ಕಂಡರೆ ನಾನು ಹಜಾರ್ಡ್ ರೇಶಿಯೊವನ್ನು ಸ್ವಲ್ಪ ಪಕ್ಕಕ್ಕಿಟ್ಟು, ಆರು ತಿಂಗಳು, ಒಂದು ವರ್ಷ, ಎರಡು ವರ್ಷಕ್ಕೆ ಎಷ್ಟೆಷ್ಟು ಜನ ಉಳಿದಿದ್ದಾರೆ ಎಂದು ಓದಿಕೊಳ್ಳುತ್ತೇನೆ. ಎರಡು ರೇಖೆಗಳ ನಡುವಿನ ಜಾಗವನ್ನೇ ಅಳೆದು, ಒಂದು ನಿಗದಿತ ಅವಧಿಯೊಳಗೆ ಸರಾಸರಿ ಎಷ್ಟು ತಿಂಗಳು ಹೆಚ್ಚು ಸಿಕ್ಕಿತು ಎಂದು ಹೇಳುವ ವಿಧಾನವೂ ಇದೆ. ಇಂಥ ಕಡೆ ಅದು ಹೆಚ್ಚು ಪ್ರಾಮಾಣಿಕ ಎಂಬುದು ನನ್ನ ಅಭಿಪ್ರಾಯ.

ಮೀಡಿಯನ್ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಇದೇ ಟ್ರಯಲ್‌ನ ಎರಡನೇ ಗ್ರಾಫ್ ನೋಡಬೇಕು. ಅದು ರೋಗ ಬೆಳೆಯದೆ ಇದ್ದ ಅವಧಿಯದ್ದು. ಮೀಡಿಯನ್ ನಿವೊಲುಮಾಬ್‌ಗೆ 2.3 ತಿಂಗಳು, ಡೊಸಿಟಾಕ್ಸೆಲ್‌ಗೆ 4.2. ಸುಮ್ನೆ ಇವೆರಡನ್ನೇ ನೋಡಿದರೆ ಹೊಸ ಔಷಧ ಸೋತಿತು ಅನ್ನಬೇಕು. ಆದರೆ ಒಂದು ವರ್ಷಕ್ಕೆ ರೋಗ ಬೆಳೆಯದೆ ಉಳಿದವರು ನಿವೊಲುಮಾಬ್ ಗುಂಪಿನಲ್ಲಿ 19 ಪ್ರತಿಶತ, ಇನ್ನೊಂದರಲ್ಲಿ 8.

ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ರೋಗ ಬೆಳೆದಿದೆಯೇ ಎಂದು ಗೊತ್ತಾಗುವುದು ಸಾಮಾನ್ಯವಾಗಿ ಸ್ಕ್ಯಾನ್ ಮಾಡಿದಾಗ. ಈ ಟ್ರಯಲ್‌ನಲ್ಲಿ ಮೊದಲ ಸ್ಕ್ಯಾನ್ ಇದ್ದದ್ದು 9ನೇ ವಾರಕ್ಕೆ, ಆಮೇಲೆ ಆರು ವಾರಕ್ಕೊಮ್ಮೆ. 2.3 ತಿಂಗಳು ಅಂದರೆ ಸುಮಾರು ಹತ್ತು ವಾರ. ಮೊದಲ ಸ್ಕ್ಯಾನ್ ಹೊತ್ತಿಗೆ ರೇಖೆ ಒಮ್ಮೆಲೇ ಕಡಿದಾಗಿ ಇಳಿಯುತ್ತದೆ, 50ರ ಗೆರೆ ಆ ಇಳಿಜಾರಿನಲ್ಲೇ ಸಿಕ್ಕಿಬೀಳುತ್ತದೆ. ಆಗ ಮೀಡಿಯನ್ ರೋಗದ ವೇಗದಷ್ಟೇ ಸ್ಕ್ಯಾನ್ ವೇಳಾಪಟ್ಟಿಯನ್ನೂ ಹೇಳುತ್ತಿರುತ್ತದೆ. ರೋಗ ಬೆಳೆಯುವ ಅವಧಿಯ ಗ್ರಾಫ್‌ನಲ್ಲಿ ಮೆಟ್ಟಿಲುಗಳು ಸಮಾನ ಅಂತರದಲ್ಲಿ ಕಂಡರೆ ಇದೇ ನಡೆದಿದೆ ಎಂದು ತಿಳಿಯಬಹುದು.

ಹಾಗಂತ ಬಲತುದಿಯ ಬಾಲವನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಗ್ರಾಫ್ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಅಂಕಿಗಳಿರುತ್ತವೆ. ಆಯಾ ತಿಂಗಳಲ್ಲಿ ಎಷ್ಟು ಜನ ಇನ್ನೂ ಲೆಕ್ಕದಲ್ಲಿದ್ದಾರೆ ಎಂಬುದು ಅಲ್ಲಿದೆ. ರೇಖೆ 30 ಪ್ರತಿಶತದಲ್ಲಿ ಸಮತಟ್ಟಾಗಿ ಹೋಗುತ್ತಿದೆ, ಆದರೆ ಕೆಳಗೆ ಉಳಿದವರು ಐದೇ ಜನ ಅಂದರೆ ಅದು ಗುಣವಾದದ್ದರ ಗುರುತೇನೂ ಅಲ್ಲ. ಮುಂದಿನ ಒಂದು ಸಾವಿಗೆ ಅದು 24ಕ್ಕೆ ಇಳಿಯುತ್ತದೆ. ಐದು ವರ್ಷದ 13.4 ಪ್ರತಿಶತವನ್ನು ನಾನು ನಂಬುವುದು ಎರಡು ಟ್ರಯಲ್‌ಗಳ ಜನರನ್ನು ಸೇರಿಸಿ, ಅಷ್ಟು ವರ್ಷ ಹಿಂಬಾಲಿಸಿ ತೆಗೆದ ಸಂಖ್ಯೆ ಎಂಬ ಕಾರಣಕ್ಕೆ.

ರೇಖೆಗಳು ಕತ್ತರಿಸಿದ್ದು ಯಾಕೆ? ಗುಂಪಿನೊಳಗೆ ಬೇರೆ ಬೇರೆ ಥರದ ರೋಗಿಗಳು ಸೇರಿಕೊಂಡಿದ್ದರು. ಗೆಡ್ಡೆಯಲ್ಲಿ ಪಿಡಿ-ಎಲ್1 ಎಂಬ ಪ್ರೋಟೀನು ಒಂದು ಪ್ರತಿಶತ ಅಥವಾ ಹೆಚ್ಚು ಕೋಶಗಳಲ್ಲಿ ಇದ್ದವರಲ್ಲಿ ಹಜಾರ್ಡ್ ರೇಶಿಯೊ 0.59. ಅದಕ್ಕಿಂತ ಕಮ್ಮಿ ಇದ್ದವರಲ್ಲಿ 0.90, ಹೆಚ್ಚುಕಮ್ಮಿ ಕೀಮೋಗೆ ಸಮ. ಮೊದಲ ಮೂರು ತಿಂಗಳ ಹೆಚ್ಚುವರಿ ಸಾವುಗಳ ಜೊತೆ ನಂಟು ಕಂಡದ್ದು ಜೋರಾಗಿ ಬೆಳೆಯುವ ರೋಗ ಮತ್ತು ಕಮ್ಮಿ ಪಿಡಿ-ಎಲ್1 ಎರಡೂ ಸೇರಿದ್ದ ರೋಗಿಗಳಲ್ಲಿ. ಒಬ್ಬ ರೋಗಿಯ ಮನೆಯವರು ‘ಮೂರು ತಿಂಗಳು ಜಾಸ್ತಿ ಸಿಗುತ್ತದಂತೆ’ ಎಂದು ಕೇಳಿದರೆ, ಗ್ರಾಫ್ ತೋರಿಸಿ ಹೇಳಬಹುದಾದದ್ದು ಇಷ್ಟು: ಕೆಲವರಿಗೆ ಏನೂ ಸಿಗಲಿಲ್ಲ, ಕೆಲವರಿಗೆ ಬೇಗನೆ ಹಾನಿಯೇ ಆಗಿರಬಹುದು, ಒಂದಷ್ಟು ಜನರಿಗೆ ವರ್ಷಗಳೇ ಸಿಕ್ಕವು. ನಿಮ್ಮವರ ಗೆಡ್ಡೆಯ ವರದಿಯಲ್ಲಿ ಪಿಡಿ-ಎಲ್1 ಎಷ್ಟಿದೆ, ರೋಗ ಎಷ್ಟು ಬೇಗ ಬೆಳೆಯುತ್ತಿದೆ ಎಂದು ವೈದ್ಯರನ್ನು ಕೇಳಿ.